ಪೋಸ್ಟರ್ ಆಯಿತು, ಕೆಳಗೆ ಏನು ಬರೆಯೋಣ? ಸಂಗೀತ ಕಛೇರಿಯ ಅಡಿಬರಹಕ್ಕೆ ಮೂರು ದಾರಿ

ದೀಪಾವಳಿ ಮುಗಿದು ಶಿವರಾತ್ರಿ ಬರುವವರೆಗೆ ನನ್ನ ಮೇಜಿನ ಮೇಲೆ ಪೋಸ್ಟರ್‌ಗಳದ್ದೇ ರಾಶಿ. ಊರಿನ ಗಾಯಕರು, ಕೊಳಲಿನವರು, ವೀಣೆಯವರು ಬಂದು ಚಿತ್ರ ಮಾಡಿಸಿಕೊಂಡು ಹೋಗುತ್ತಾರೆ. ಅರ್ಧ ಗಂಟೆಯಲ್ಲಿ ಅವರದೇ ಫೋನ್ ಬರುತ್ತದೆ: ‘ಸರ್, ಪೋಸ್ಟರ್ ಚೆನ್ನಾಗಿ ಬಂದಿದೆ, ಕ್ಯಾಪ್ಷನ್ ಏನು ಹಾಕಲಿ?’ ಕೇಳುವವರ ಬಳಿ ಆಗಲೇ ಎರಡು ಮೂರು ಕರಡು ಇರುತ್ತವೆ. ಒಂದು ತೀರಾ ಚಿಕ್ಕದು, ಒಂದು ರೇಷನ್ ಚೀಟಿಯಷ್ಟು ಉದ್ದದ ಪಟ್ಟಿ, ಇನ್ನೊಂದು ‘ನನ್ನ ಗುರುಗಳ ಪಾದಗಳಿಗೆ ನಮಿಸುತ್ತಾ’ ಎಂದು ಆರಂಭವಾಗುವುದು. ಯಾವುದನ್ನು ಆರಿಸಬೇಕು ಎಂಬುದಷ್ಟೇ ಪ್ರಶ್ನೆ.

ಒಂದು ಲೆಕ್ಕವನ್ನು ಮುಂದಿಟ್ಟುಕೊಂಡು ಮಾತಾಡೋಣ. ಶಿವಮೊಗ್ಗದಲ್ಲಿ ಒಬ್ಬ ಸುಗಮ ಸಂಗೀತದ ಗಾಯಕಿ, ಜನವರಿ 10, ಶನಿವಾರ ಸಂಜೆ ಕಾರ್ಯಕ್ರಮ ಎಂದುಕೊಳ್ಳಿ. ಸಭಾಂಗಣದ ಕೆಳ ಅಂತಸ್ತಿನಲ್ಲಿ ಸಾಲಿಗೆ 20ರಂತೆ 15 ಸಾಲು, ಅಂದರೆ 300 ಕುರ್ಚಿ. ಬಾಲ್ಕನಿಯಲ್ಲಿ 120. ಮೊದಲ ಸಾಲು ಗುರುಗಳಿಗೆ, ಮನೆಯವರಿಗೆ, ಹಣ ಕೊಟ್ಟ ಪ್ರಾಯೋಜಕರಿಗೆ ಮೀಸಲು. ಮಾರಾಟಕ್ಕೆ ಉಳಿದದ್ದು 400. ಎರಡರಿಂದ ನಾಲ್ಕನೇ ಸಾಲಿನ 60 ಕುರ್ಚಿಗೆ ತಲಾ 500 ರೂಪಾಯಿ, ಹಿಂದಿನ 220ಕ್ಕೆ 300, ಬಾಲ್ಕನಿಗೆ 150. ಎಲ್ಲ ಮಾರಿದರೆ 1,14,000 ರೂಪಾಯಿ. ಬಾಡಿಗೆ, ಧ್ವನಿವರ್ಧಕ, ಪಕ್ಕವಾದ್ಯದವರ ಸಂಭಾವನೆ ಎಲ್ಲವೂ ಇದರಲ್ಲೇ ಹೊಂದಬೇಕು. ಅಡಿಬರಹ ಈ ಮೊತ್ತಕ್ಕೆ ದುಡಿಯಬೇಕಾದ ಬರಹ ಎನ್ನುವುದನ್ನು ಮರೆಯಬಾರದು.

ಬರಹವನ್ನು ನಾನು ನಾಲ್ಕು ಅಳತೆಗೋಲಿನಿಂದ ನೋಡುತ್ತೇನೆ.

ಮೊದಲನೆಯದು, ಮೊದಲ ನೋಟಕ್ಕೆ ಏನು ಕಾಣುತ್ತದೆ ಎನ್ನುವುದು. ಇನ್‌ಸ್ಟಾಗ್ರಾಂ 2,200 ಅಕ್ಷರಗಳವರೆಗೆ ಬರೆಯಲು ಬಿಡುತ್ತದೆ, ಆದರೆ ಬೆರಳು ತಾಗಿಸುವ ಮೊದಲು ಓದುಗನಿಗೆ ಕಾಣುವುದು ಒಂದೆರಡು ಸಾಲು ಮಾತ್ರ. ಕನ್ನಡಕ್ಕೆ ಇದರಲ್ಲಿ ಇನ್ನೊಂದು ನಷ್ಟವಿದೆ. ‘ಕ್ಷೇ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರದ ಎಣಿಕೆಯಲ್ಲಿ ನಾಲ್ಕು. ಒತ್ತಕ್ಷರ ತುಂಬಿದ ಪೀಠಿಕೆ ಬರೆದವರಿಗೆ ಜಾಗ ಬೇಗ ಮುಗಿಯುತ್ತದೆ.

ಎರಡನೆಯದು, ಒಬ್ಬರಿಂದ ಒಬ್ಬರಿಗೆ ಹೋಗುವಾಗ ಬರಹ ಉಳಿಯುತ್ತದೆಯೇ ಎನ್ನುವುದು. ನಮ್ಮ ಕಡೆ ಟಿಕೆಟ್ ಮಾರುವುದು ವಾಟ್ಸ್‌ಆ್ಯಪ್. ನಾವು ಚಿತ್ರದ ಜೊತೆ ಬರೆದು ಕಳಿಸುತ್ತೇವೆ, ಅತ್ತಿಗೆ ಅದನ್ನು ಇಳಿಸಿಕೊಂಡು ತನ್ನ ಸ್ಟೇಟಸ್‌ಗೆ ಚಿತ್ರವನ್ನಷ್ಟೇ ಹಾಕುತ್ತಾಳೆ. ಬರಹ ಅಲ್ಲಿಗೆ ಕಳಚಿಬಿತ್ತು. ಆದ್ದರಿಂದ ದಿನ, ಸ್ಥಳ, ಕಡಿಮೆ ದರ, ಫೋನ್ ಸಂಖ್ಯೆ ಈ ನಾಲ್ಕು ಪೋಸ್ಟರ್‌ನ ಒಳಗೇ ಇರಬೇಕು. ಉಳಿದದ್ದು ಅಡಿಬರಹದ ಪಾಲು.

ಮೂರನೆಯದು, ಓದಿದವರು ಫೋನ್ ಮಾಡದೆಯೇ ತಮಗೆ ಯಾವ ಟಿಕೆಟ್ ಎಂದು ತೀರ್ಮಾನಿಸಬಲ್ಲರೇ ಎನ್ನುವುದು. ನಾಲ್ಕನೆಯದು, ಒಂದು ದರದ ಟಿಕೆಟ್ ಮುಗಿದಾಗ ಅಥವಾ ವೇಳೆ ಬದಲಾದಾಗ ತಿದ್ದಲು ಬರುತ್ತದೆಯೇ ಎನ್ನುವುದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಬರಹವನ್ನು ಯಾವಾಗ ಬೇಕಾದರೂ ತಿದ್ದಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ 15 ನಿಮಿಷ ಕಳೆದರೆ ಮುಗಿಯಿತು. ಬೇರೆಯವರು ಮುಂದೆ ಕಳಿಸಿದ ಪ್ರತಿಗಳಂತೂ ನಮ್ಮ ಕೈಯಲ್ಲಿ ಇರುವುದೇ ಇಲ್ಲ.

ಈಗ ಮೂರು ದಾರಿಗಳು.

ಚುಟುಕು ಬರಹ

> ಜನವರಿ 10, ಶನಿವಾರ ಸಂಜೆ 6.30. ಶಿವಮೊಗ್ಗದಲ್ಲಿ ಭಾವಗೀತೆಗಳ ಸಂಜೆ. ಟಿಕೆಟ್ ₹150ರಿಂದ. ವಿವರ ಪೋಸ್ಟರ್‌ನಲ್ಲಿ.

ಮೊದಲ ಎರಡು ಅಳತೆಗೋಲಿಗೆ ಇದು ಸುಲಭವಾಗಿ ನಿಲ್ಲುತ್ತದೆ. ಕಾಣಬೇಕಾದದ್ದೆಲ್ಲ ಕಾಣುತ್ತದೆ, ಕಳಚಿಬಿದ್ದರೂ ನಷ್ಟವಿಲ್ಲ. ಮುಗ್ಗರಿಸುವುದು ಮೂರನೆಯದರಲ್ಲಿ. ‘ವಿವರ ಪೋಸ್ಟರ್‌ನಲ್ಲಿ’ ಎಂದಾಗ ಆಸನದ ದರ್ಜೆಗಳನ್ನೆಲ್ಲ ಚಿತ್ರದೊಳಗೆ ತುರುಕಬೇಕಾಗುತ್ತದೆ. ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಅದು ಸಲೀಸಾಗಿ ಓದಲು ಬರುತ್ತದೆ, ಅಂಗೈಯಗಲದ ಪರದೆಯಲ್ಲಿ ಇರುವೆ ಸಾಲು. ಅಲ್ಲದೆ ಪೋಸ್ಟರ್‌ನ ಮೂಲೆಯಲ್ಲಿ ಚೌಕದ ಕ್ಯೂಆರ್ ಕೋಡ್ ಹಾಕಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಬಸ್ ನಿಲ್ದಾಣದ ಗೋಡೆಯ ಮೇಲೆ ಅದು ಉಪಯುಕ್ತ. ಆದರೆ ಚಿತ್ರ ನನ್ನ ಮೊಬೈಲ್‌ನಲ್ಲೇ ತೆರೆದಿರುವಾಗ ಅದೇ ಮೊಬೈಲ್‌ನ ಕ್ಯಾಮೆರಾವನ್ನು ಅದಕ್ಕೆ ಹಿಡಿಯುವುದು ಹೇಗೆ? ಚಿತ್ರದಿಂದಲೇ ಕೋಡ್ ಓದಿಸುವ ಉಪಾಯಗಳಿವೆ, ಅಷ್ಟು ಶ್ರಮ ಪಡುವ ಕೇಳುಗರು ಕಡಿಮೆ. ಟಿಕೆಟ್‌ನ ಕೊಂಡಿ ಅಡಿಬರಹದಲ್ಲೇ ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಒತ್ತಿದರೆ ಅದು ತೆರೆಯುತ್ತದೆ. ಇನ್‌ಸ್ಟಾಗ್ರಾಂನ ಅಡಿಬರಹದಲ್ಲಿ ತೆರೆಯುವುದಿಲ್ಲ, ಅಲ್ಲಿ ಕೊಂಡಿಯನ್ನು ಪ್ರೊಫೈಲ್‌ನಲ್ಲಿ ಇಡಬೇಕು.

ಒಂದೇ ದರ, ಎಲ್ಲಿ ಬೇಕಾದರೂ ಕೂರಬಹುದು ಎನ್ನುವ ಕಾರ್ಯಕ್ರಮಕ್ಕೆ ಚುಟುಕೇ ಸರಿ. ಮನೆಯ ಪಡಸಾಲೆಯಲ್ಲಿ 60 ಜನ ಜಮಖಾನೆಯ ಮೇಲೆ ಕೂತು ಕೇಳುವ ಬೈಠಕ್‌ಗೆ ಉದ್ದದ ಪಟ್ಟಿ ಬರೆದರೆ ನಗೆಪಾಟಲು.

ದರ್ಜೆಗಳ ಪಟ್ಟಿ

ಎರಡು ಮೂರು ದರಗಳಿದ್ದರೆ ಈ ದಾರಿಯೇ ಗತಿ. ಆದರೆ ಪಟ್ಟಿ ಬರೆಯುವ ರೀತಿಯಲ್ಲಿ ಬಹಳ ವ್ಯತ್ಯಾಸವಿದೆ, ಇಲ್ಲಿ ಸ್ವಲ್ಪ ನಿಲ್ಲಬೇಕು.

ಹೆಚ್ಚಿನವರ ಕರಡು ಹೀಗಿರುತ್ತದೆ: ‘ಪ್ಲಾಟಿನಂ 500, ಗೋಲ್ಡ್ 300, ಸಿಲ್ವರ್ 150’. ಒಡವೆ ಅಂಗಡಿಯ ಜಾಹೀರಾತಿನಂತೆ ಕೇಳುತ್ತದೆ, ಕುರ್ಚಿ ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಕೊಳ್ಳುವವರಿಗೆ ಬೇಕಾದದ್ದು ಮೂರು ಸಂಗತಿ: ಎಷ್ಟನೆಯ ಸಾಲು, ಆಸನಕ್ಕೆ ಸಂಖ್ಯೆ ಇದೆಯೇ ಇಲ್ಲವೇ, ಅಲ್ಲಿಗೆ ಹೋಗುವುದು ಹೇಗೆ. ಹೆಸರಿಡುವ ಆಸೆ ಇದ್ದರೆ ಇಡಿ, ಆದರೆ ಸಾಲಿನ ಸಂಖ್ಯೆಯನ್ನು ಬಿಡಬೇಡಿ.

ಸಂಖ್ಯೆಯ ವಿಷಯದಲ್ಲಿ ನಾನೇ ಪಟ್ಟ ಪಾಡು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಅಡಿಬರಹದಲ್ಲಿ ‘ಮುಂದಿನ ಆಸನ ₹500’ ಎಂದು ಬರೆದೆ. ಕುರ್ಚಿಗಳಿಗೆ ಸಂಖ್ಯೆ ಇರಲಿಲ್ಲ, ಹಗ್ಗವನ್ನೂ ಕಟ್ಟಿರಲಿಲ್ಲ. ಹಿಂದಿನ ದರದವರು ಬೇಗ ಬಂದು ಮುಂದೆ ಕೂತರು. ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ 500ರ ಎರಡು ಟಿಕೆಟ್ ಹಿಡಿದು 6.20ಕ್ಕೆ ಬಂದರೆ ಸಿಕ್ಕಿದ್ದು ಒಂಬತ್ತನೇ ಸಾಲು. ಮೇಷ್ಟ್ರು ಕೂಗಾಡಲಿಲ್ಲ. ಮೊಬೈಲ್ ತೆಗೆದು ನಾನು ಬರೆದ ಸಾಲನ್ನು ನನಗೇ ಓದಿ ತೋರಿಸಿದರು. ಅಂದಿನಿಂದ ‘ಮುಂದಿನ ಆಸನ’, ‘ಉತ್ತಮ ಆಸನ’, ‘ವಿಶೇಷ ಆಸನ’ ಎಂದು ದರ ಬರೆಯುವುದನ್ನು ಕೈಬಿಟ್ಟೆ. ಸಂಖ್ಯೆ ಇದ್ದರೆ ‘ಆಸನದ ಸಂಖ್ಯೆ ಟಿಕೆಟ್‌ನಲ್ಲೇ ಇದೆ’, ಇಲ್ಲದಿದ್ದರೆ ‘ಮೊದಲು ಬಂದವರಿಗೆ ಮುಂದಿನ ಸಾಲು’. ಎರಡರ ನಡುವೆ ಮಬ್ಬು ಜಾಗ ಬೇಡ. ಹಾಗೆಯೇ ಮೊದಲ ಸಾಲು ಮೀಸಲಾಗಿದ್ದರೆ ‘ಮೊದಲ ನಾಲ್ಕು ಸಾಲು’ ಎನ್ನದೆ ‘2ರಿಂದ 4ನೇ ಸಾಲು’ ಎಂದೇ ಬರೆಯಬೇಕು.

ಬಾಲ್ಕನಿಯ ಬಗ್ಗೆ ನಾಚಿಕೆ ಬೇಡ. ಅಗ್ಗದ ಟಿಕೆಟ್ ಎಂದು ಅದನ್ನು ಕೊನೆಯಲ್ಲಿ ಗುಟ್ಟಾಗಿ ಬರೆಯುವವರಿದ್ದಾರೆ. ಎಷ್ಟೋ ಸಭಾಂಗಣಗಳಲ್ಲಿ ಬಾಲ್ಕನಿಯ ಮುಂದಿನ ಸಾಲಿನಲ್ಲಿ ಕೇಳುವ ಧ್ವನಿ, ಅದರ ಅಡಿಯಲ್ಲಿ ತಗ್ಗು ಚಾವಣಿಯ ಕೆಳಗೆ ಕೂತವರಿಗೆ ಕೇಳುವುದಕ್ಕಿಂತ ಬಿಚ್ಚಾಗಿರುತ್ತದೆ. ಅಲ್ಲಿಂದ ಮುಖ ಕಾಣುವುದಿಲ್ಲ, ಹಾಡು ಚೆನ್ನಾಗಿ ಕೇಳುತ್ತದೆ. ನೋಡಲು ಬರುವವರು ಕೆಳಗೆ, ಕೇಳಲು ಬರುವವರು ಮೇಲೆ ಎನ್ನುವುದು ನನ್ನ ಖಾಸಗಿ ಸಿದ್ಧಾಂತ. ಬರೆಯಲೇಬೇಕಾದ ಕೊರತೆ ಬೇರೆಯದು: ಮೆಟ್ಟಿಲು. ಲಿಫ್ಟ್ ಇಲ್ಲದಿದ್ದರೆ ಮೆಟ್ಟಿಲುಗಳನ್ನು ಎಣಿಸಿಯೇ ಬರೆಯಿರಿ. ಭಾವಗೀತೆ ಕೇಳಲು ಬರುವವರಲ್ಲಿ ಮೊಣಕಾಲು ನೋವಿನವರು ಕಡಿಮೆಯೇನಿಲ್ಲ.

ಕಡಿಮೆ ದರವನ್ನು ಮೊದಲು ಬರೆಯಬೇಕೇ, ಹೆಚ್ಚಿನದನ್ನೇ? ಹೊಸ ಗಾಯಕಿ, ಸಭಾಂಗಣ ತುಂಬುವುದೇ ಚಿಂತೆ ಎಂದಾದರೆ 150ರಿಂದ ಶುರು ಮಾಡಿ. ಬಾಲ್ಕನಿ ತಾನಾಗಿ ತುಂಬುತ್ತದೆ, ಮುಂದಿನ 60 ಕುರ್ಚಿಯದೇ ಚಿಂತೆ ಎಂದಾದರೆ 500ರಿಂದ. ಮೇಲಿನಿಂದ ಕೆಳಗೆ ಓದುತ್ತಾ ಬಂದವರಿಗೆ 500 ನೋಡಿದ ಮೇಲೆ 300 ಹಗುರವಾಗಿ ಕಾಣುತ್ತದೆ ಎನ್ನುವುದನ್ನು ಸೀರೆ ಅಂಗಡಿಯವರು ನಮಗಿಂತ ಚೆನ್ನಾಗಿ ಬಲ್ಲರು.

ದರ 500ಕ್ಕೇ ಏಕೆ ನಿಂತಿತು, 600 ಇಡಬಾರದೇ ಎಂದು ಗಾಯಕಿಯ ಅಣ್ಣ ಕೇಳಬಹುದು. ಸಂಗೀತ ಕಾರ್ಯಕ್ರಮದ ಪ್ರವೇಶ ಶುಲ್ಕ ತಲೆಗೆ 500 ರೂಪಾಯಿವರೆಗೆ ಜಿಎಸ್‌ಟಿಯಿಂದ ವಿನಾಯಿತಿ ಪಡೆದಿದೆ, ದಾಟಿದರೆ ಶೇ 18. ನೋಂದಣಿ ಇರುವ ಸಂಸ್ಥೆ 600ರ ಟಿಕೆಟ್ ಮಾರಿದರೆ ಕೊಳ್ಳುವವರು ಕೊಡುವುದು 708, ಇಲ್ಲವೇ ತೆರಿಗೆಯನ್ನು ಆ 600ರಲ್ಲೇ ಮುರಿದುಕೊಳ್ಳಬೇಕು. ಹಾಗಾಗಿ 500 ದಾಟಿದ ದರದ ಮುಂದೆ ‘ತೆರಿಗೆ ಸೇರಿ’ ಅಥವಾ ‘ತೆರಿಗೆ ಪ್ರತ್ಯೇಕ’ ಎಂದು ಬರೆಯದಿದ್ದರೆ ಹಣ ಕೊಡುವಾಗ ಜಗಳ ಖಚಿತ. ಸೇವೆಯಿಂದ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ, ನೋಂದಣಿ ಮಾಡಿಸದ ಸಂಘಟಕರು ಟಿಕೆಟ್ ಮೇಲೆ ಜಿಎಸ್‌ಟಿ ವಸೂಲು ಮಾಡುವಂತಿಲ್ಲ, ಅವರ ಅಡಿಬರಹದಲ್ಲಿ ಆ ಪದವೇ ಬರಬಾರದು. ಆನ್‌ಲೈನ್ ಬುಕಿಂಗ್ ಜಾಲತಾಣಗಳು ತಮ್ಮ ಶುಲ್ಕ ಸೇರಿಸುತ್ತವೆ. ಅದನ್ನು ಒಂದು ಸಾಲಿನಲ್ಲಿ ಹೇಳಿ, ಬಾಗಿಲಲ್ಲೇ ಕೊಂಡರೆ ಆ ಶುಲ್ಕ ಇಲ್ಲ ಎನ್ನುವುದನ್ನೂ ಹೇಳಿ.

ಪಟ್ಟಿಯನ್ನು ಸಾಲುಗಟ್ಟಿಸಲು ಸ್ಪೇಸ್ ಒತ್ತಿ ಒತ್ತಿ ಕಂಬ ಮಾಡುವುದು ವ್ಯರ್ಥ. ಬೇರೆ ಮೊಬೈಲ್‌ನಲ್ಲಿ ಆ ಕಂಬ ವಾಲುತ್ತದೆ. ಪ್ರತಿ ದರ್ಜೆಗೆ ಒಂದು ಸಾಲು, ಮೊದಲು ಜಾಗ, ಆಮೇಲೆ ದರ ಇದ್ದರೆ ಸಾಕು. ಮುದ್ರಣಾಲಯದಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೆಯೇ ತಂದು ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ತನ್ನಿ, ಇಲ್ಲವೇ ಮೊಬೈಲ್‌ನಲ್ಲೇ ಹೊಸದಾಗಿ ಬರೆಯಿರಿ. ಕನ್ನಡ ಅಂಕಿಗಳು ಪೋಸ್ಟರ್‌ನಲ್ಲಿ ಅಂದವೇ, ಆದರೆ ಅಡಿಬರಹದ ಫೋನ್ ಸಂಖ್ಯೆಯನ್ನು ಮಾತ್ರ 1, 2, 3ರಲ್ಲೇ ಬರೆಯಿರಿ, ವಾಟ್ಸ್‌ಆ್ಯಪ್‌ನಲ್ಲಿ ಒತ್ತಿದರೆ ಕರೆ ಹೋಗುತ್ತದೆ.

ಕಲಾವಿದರ ಮಾತು

> ಅಮ್ಮ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಹಾಡುಗಳನ್ನು ಮೊದಲ ಬಾರಿಗೆ ನಮ್ಮೂರಿನ ವೇದಿಕೆಯಲ್ಲಿ ಹಾಡುತ್ತಿದ್ದೇನೆ…

ಗಾಯಕಿ ತಾನೇ ಮಾತಾಡುವ ಈ ಬಗೆ ಓದುಗರನ್ನು ಹತ್ತಿರಕ್ಕೆ ಎಳೆಯುತ್ತದೆ. ಹೊಸಬರಿಗೆ ಇದರಿಂದ ಪರಿಚಯವಾಗುತ್ತದೆ, ಬಂಧುಗಳು, ಸಹಪಾಠಿಗಳು ಮುಂದೆ ಕಳಿಸುತ್ತಾರೆ. ಆದರೆ ದಿನಾಂಕ ಹನ್ನೆರಡನೇ ಸಾಲಿಗೆ ಜಾರುತ್ತದೆ, ದರ ಇಪ್ಪತ್ತನೆಯದಕ್ಕೆ. ಮೊದಲ ಅಳತೆಗೋಲಿಗೆ ಇದು ಪೂರ್ತಿ ಅನುತ್ತೀರ್ಣ. ಕಾರ್ಯಕ್ರಮಕ್ಕೆ ಇನ್ನೂ ಮೂರು ನಾಲ್ಕು ವಾರ ಇರುವಾಗ, ಟಿಕೆಟ್ ಮಾರಾಟ ಆರಂಭವಾಗುವ ಮೊದಲು ಇದನ್ನು ಹಾಕಬಹುದು. ಆಗ ಗೇಟಿನ ವೇಳೆ ಬೇಕಿಲ್ಲ, ದಿನಾಂಕವೊಂದನ್ನು ಮೊದಲ ಸಾಲಿನಲ್ಲಿ ಇಟ್ಟರೆ ಸಾಕು. ಮಾರಾಟದ ವಾರದಲ್ಲಿ ಇದೇ ಬರಹದ ಬಾಲಕ್ಕೆ ದರಪಟ್ಟಿ ಕಟ್ಟುವುದು ಬೇಡ.

ಗೇಟಿನ ವೇಳೆ

ಯಾವ ದಾರಿ ಹಿಡಿದರೂ ಎಡವುವ ಜಾಗ ಇದು. ‘ಪ್ರವೇಶ 6ಕ್ಕೆ’ ಎಂದರೆ ಗೇಟು ತೆರೆಯುವುದೋ ಹಾಡು ಶುರುವಾಗುವುದೋ? ಅರ್ಧ ಜನ ಒಂದು ಅರ್ಥ ಮಾಡಿಕೊಳ್ಳುತ್ತಾರೆ, ಉಳಿದವರು ಇನ್ನೊಂದು. ಎರಡಕ್ಕೂ ಕ್ರಿಯಾಪದ ಬೇಕು: ಗೇಟು 5.30ಕ್ಕೆ ತೆರೆಯುತ್ತದೆ, ಗಾಯನ 6.30ಕ್ಕೆ ಆರಂಭ.

ಆ 5.30 ಬಂದದ್ದು ಹೀಗೆ. ಟಿಕೆಟ್ ನೋಡಿ, ಹರಿದು, ದಾರಿ ತೋರಿಸಲು ಒಬ್ಬರಿಗೆ ಎಂಟೊಂಬತ್ತು ಸೆಕೆಂಡ್ ಹಿಡಿಯಿರಿ. ಒಂದು ಬಾಗಿಲಲ್ಲಿ ನಿಮಿಷಕ್ಕೆ 7 ಜನ. ಕೆಳ ಅಂತಸ್ತಿನ 280 ಟಿಕೆಟ್‌ಗೆ ಒಂದೇ ಬಾಗಿಲಾದರೆ 40 ನಿಮಿಷ. ಬಾಲ್ಕನಿಗೆ ಬೇರೆ ಮೆಟ್ಟಿಲು, ಬೇರೆ ಬಾಗಿಲು ಇದ್ದರೆ 120 ಜನಕ್ಕೆ 17 ನಿಮಿಷ. ಗೇಟನ್ನು 6ಕ್ಕೆ ತೆರೆದರೆ 6.30ರ ಹೊತ್ತಿಗೆ 210 ಜನ ಒಳಗೆ, 70 ಜನ ಹೊರಗೆ. ತಂಬೂರಿ ಶ್ರುತಿ ಹಿಡಿದಾಗ ಹೊರಗಿನ ಗಲಾಟೆ ಒಳಗೆ ಕೇಳುತ್ತದೆ. 5.30 ಎಂದರೆ ಇಪ್ಪತ್ತು ನಿಮಿಷ ಉಸಿರಾಡಲು ಸಿಗುತ್ತದೆ, ಜನ ಕೊನೆಯ ಹೊತ್ತಿಗೇ ನುಗ್ಗುವುದರಿಂದ ಅದೂ ಹೆಚ್ಚಲ್ಲ. ಆ ನೂಕುನುಗ್ಗಲನ್ನು ಅಡಿಬರಹವೇ ಸ್ವಲ್ಪ ಹಂಚಬಲ್ಲದು. ಸಂಖ್ಯೆ ಇಲ್ಲದ 300ರ ಟಿಕೆಟ್‌ನವರಿಗೆ ಬೇಗ ಬಂದರೆ ಒಳ್ಳೆಯ ಸಾಲು ಎಂದು ಹೇಳಿ, ಸಂಖ್ಯೆ ಇರುವ 500ರವರಿಗೆ 6.15ಕ್ಕೆ ಬಂದರೂ ಸಾಕು ಎಂದು ಹೇಳಿ. 500 ಕೊಟ್ಟವರಿಗೆ ಸಿಗುವ ಸೌಲಭ್ಯದಲ್ಲಿ ಈ ಮುಕ್ಕಾಲು ಗಂಟೆಯೂ ಸೇರಿದೆ ಎಂದು ಅವರಿಗೂ ಗೊತ್ತಾಗುತ್ತದೆ.

ತಡವಾಗಿ ಬಂದವರ ಸಾಲನ್ನು ಸಂಗೀತ ನೋಡಿ ಬರೆಯಬೇಕು. ಸುಗಮ ಸಂಗೀತದಲ್ಲಿ ಐದಾರು ನಿಮಿಷಕ್ಕೊಂದು ಹಾಡು ಮುಗಿಯುತ್ತದೆ, ‘ಹಾಡು ಮುಗಿದಾಗ ಒಳಬಿಡಲಾಗುವುದು’ ಎಂದರೆ ಯಾರಿಗೂ ಬೇಸರವಿಲ್ಲ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ವರ್ಣ ಮುಗಿದ ಮೇಲೆ ಬಾಗಿಲು ತೆರೆಯಬಹುದು. ಹಿಂದೂಸ್ತಾನಿ ಗಾಯಕರು ವಿಲಂಬಿತ ಖಯಾಲ್ ಎತ್ತಿಕೊಂಡರೆ ಮುಕ್ಕಾಲು ಗಂಟೆ ನಡುವೆ ಬಿಡುವೇ ಇರದಿರಬಹುದು. ಅಂಥ ಕಾರ್ಯಕ್ರಮಕ್ಕೆ ‘6.30ರ ನಂತರ ಬಂದವರಿಗೆ ಮೊದಲ ರಾಗ ಮುಗಿದ ಮೇಲಷ್ಟೇ ಪ್ರವೇಶ’ ಎಂದು ಮೊದಲೇ ಹೇಳದಿದ್ದರೆ ಬಾಗಿಲಲ್ಲಿ ನಿಂತ ಹುಡುಗ ಬೈಗುಳ ತಿನ್ನುತ್ತಾನೆ.

ಮುಗಿಯುವ ವೇಳೆಯನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಭದ್ರಾವತಿಯಿಂದಲೋ ತೀರ್ಥಹಳ್ಳಿಯಿಂದಲೋ ಬರುವವರಿಗೆ ಟಿಕೆಟ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು ಅದೇ, ವಾಪಸು ಬಸ್ ಸಿಗುತ್ತದೆಯೇ ಎಂದು. ಬಯಲಿನಲ್ಲಿ ಕಾರ್ಯಕ್ರಮವಾದರೆ ಇನ್ನೊಂದು ಕಾರಣವಿದೆ. ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ, ಮುಚ್ಚಿದ ಸಭಾಂಗಣಕ್ಕೆ ರಿಯಾಯಿತಿ ಇದೆ. ಬಯಲಿನಲ್ಲಿ 8ಕ್ಕೆ ಆರಂಭ ಎಂದು ಬರೆದು 8.40ಕ್ಕೆ ಶುರು ಮಾಡಿದರೆ ಟಿಕೆಟ್ ಕೊಂಡವರಿಗೆ ಸಿಗುವುದು ಒಂದು ಗಂಟೆ ಇಪ್ಪತ್ತು ನಿಮಿಷ.

ಯಾರಿಗೆ ಯಾವುದು

ಉಚಿತ ಪ್ರವೇಶವಾದರೆ ಚುಟುಕು ಸಾಕು, ಆದರೆ ಆಸನ ಮೀಸಲಿಲ್ಲ ಮತ್ತು ತುಂಬಿದ ಮೇಲೆ ಗೇಟು ಮುಚ್ಚುತ್ತದೆ ಎಂಬ ಎರಡು ಮಾತು ಇರಲಿ. ನೂರು ಜನರೊಳಗಿನ ಬೈಠಕ್‌ಗೆ ಚುಟುಕಿನ ಜೊತೆ ಕಲಾವಿದರ ಮಾತೂ ಚೆಂದ, ಓದುವವರೆಲ್ಲ ಹೆಚ್ಚುಕಡಿಮೆ ಪರಿಚಿತರೇ. ಎರಡಕ್ಕಿಂತ ಹೆಚ್ಚು ದರಗಳಿದ್ದು ಸಂಖ್ಯೆಯುಳ್ಳ ಆಸನಗಳೂ ಇದ್ದರೆ ಪಟ್ಟಿ ಬಿಟ್ಟು ಬೇರೆ ದಾರಿಯಿಲ್ಲ. ಮುದ್ರಣಕ್ಕೆ ಹಣವಿಲ್ಲ, ಎಲ್ಲವೂ ಮೊಬೈಲ್‌ನಲ್ಲೇ ಎನ್ನುವವರು ಚಿತ್ರವನ್ನು ಖಾಲಿ ಬಿಟ್ಟು ಬರಹವನ್ನು ತುಂಬುತ್ತಾರೆ. ಅವರೂ ಆ ನಾಲ್ಕು ವಿವರಗಳನ್ನು ಚಿತ್ರದೊಳಗೆ ಬರೆಸಲಿ, ಅತ್ತಿಗೆಯ ಸ್ಟೇಟಸ್‌ಗಾಗಿ.

ನಮ್ಮ ಶಿವಮೊಗ್ಗದ ಗಾಯಕಿಗೆ ನಾನು ಕೊಡುವುದು ಚುಟುಕಿನ ತಲೆ, ಪಟ್ಟಿಯ ಒಡಲು:

> ಜನವರಿ 10, ಶನಿವಾರ ಸಂಜೆ 6.30. ಶಿವಮೊಗ್ಗದಲ್ಲಿ ಭಾವಗೀತೆಗಳ ಸಂಜೆ. ಟಿಕೆಟ್ ₹150ರಿಂದ.
>
> ಬಾಲ್ಕನಿ: ₹150. ಮೊದಲು ಬಂದವರಿಗೆ ಮುಂದಿನ ಸಾಲು. 26 ಮೆಟ್ಟಿಲು, ಲಿಫ್ಟ್ ಇಲ್ಲ. ಪಕ್ಕದ ಬಾಗಿಲಿನಿಂದ ಪ್ರವೇಶ.
>
> ಕೆಳ ಅಂತಸ್ತು, 5ರಿಂದ 15ನೇ ಸಾಲು: ₹300. ಮೊದಲು ಬಂದವರಿಗೆ ಮುಂದಿನ ಸಾಲು.
>
> ಕೆಳ ಅಂತಸ್ತು, 2ರಿಂದ 4ನೇ ಸಾಲು: ₹500. ಆಸನದ ಸಂಖ್ಯೆ ಟಿಕೆಟ್‌ನಲ್ಲೇ ಇದೆ, 6.15ಕ್ಕೆ ಬಂದರೂ ಸಾಕು.
>
> ಗೇಟು 5.30ಕ್ಕೆ ತೆರೆಯುತ್ತದೆ. ಗಾಯನ 6.30ಕ್ಕೆ ಸರಿಯಾಗಿ ಆರಂಭ, 8.45ರ ಹೊತ್ತಿಗೆ ಮುಕ್ತಾಯ. ತಡವಾದವರಿಗೆ ಹಾಡು ಮುಗಿದಾಗ ಪ್ರವೇಶ.

ಇದರ ಕೆಳಗೆ ಫೋನ್ ಸಂಖ್ಯೆ ಮತ್ತು ಕೊಂಡಿ. ಇನ್‌ಸ್ಟಾಗ್ರಾಂನಲ್ಲಿ ಒಂದು ದರ್ಜೆ ಮುಗಿದ ಕೂಡಲೇ ಆ ಸಾಲಿನ ಮುಂದೆ ‘ಮುಗಿದಿದೆ’ ಎಂದು ಸೇರಿಸಿ, ಸಾಲನ್ನು ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಆಗ ತಿದ್ದುವ ಅವಕಾಶ ಇಲ್ಲದ್ದರಿಂದ ಕಾರ್ಯಕ್ರಮದ ದಿನ ಬೆಳಿಗ್ಗೆ ಪೋಸ್ಟರ್ ಇಲ್ಲದೆ ಎರಡೇ ಸಾಲು ಹೊಸದಾಗಿ ಕಳಿಸಿ: ‘ಇಂದು ಸಂಜೆ 6.30. ಗೇಟು 5.30ಕ್ಕೆ. ಬಾಲ್ಕನಿಯ ಕೆಲವು ಟಿಕೆಟ್ ಬಾಗಿಲಲ್ಲಿ ಸಿಗುತ್ತವೆ, ಉಳಿದವು ಮುಗಿದಿವೆ.’